ಒಂದೇ ಕೀಲಿಯ ಕೀಬೋರ್ಡ್



ಸಂಘಟಕರು ನನಗೆ ಕೊಟ್ಟ ವಿಷಯ ದೊಡ್ಡದು: ಅಂಗವೈಕಲ್ಯ ಮತ್ತು ಮೊಬೈಲ್ ಫೋನ್. ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು. ಅಷ್ಟಗಲದ ವಿಷಯ ನನ್ನ ತೆಕ್ಕೆಗೆ ಸಿಗುವುದಿಲ್ಲ. ಹಾಗಾಗಿ ಇವತ್ತು ಒಂದು ಗುಂಡಿಯ ಬಗ್ಗೆ ಮಾತ್ರ ಮಾತಾಡುತ್ತೇನೆ. ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದೇನೆ. ಮುಂದಿನ ಸಾಲಿನವರು ಒತ್ತಿ ನೋಡಿ ಹಿಂದಕ್ಕೆ ದಾಟಿಸಿ. ಮಾತು ಮುಗಿಯುವ ಹೊತ್ತಿಗೆ ವಾಪಸ್ಸು ಬಂದರೆ ಸಾಕು, ಅದು ನನ್ನದಲ್ಲ.

ಅದು ಸಾಗರದ ಕಡೆಯ ಒಬ್ಬ ಮೇಷ್ಟ್ರದ್ದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ನಿವೃತ್ತಿಯಾದ ಮೇಲೆ ಮೋಟಾರ್ ನ್ಯೂರಾನ್ ಕಾಯಿಲೆ ಬಂತು. ಮೆದುಳಿನಿಂದ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುವ ರೋಗ ಅದು. ಸಾಮಾನ್ಯವಾಗಿ ಸ್ಪರ್ಶ, ಕಣ್ಣು, ಕಿವಿ ಕೆಡುವುದಿಲ್ಲ. ನಾನು ಅವರ ಮನೆಗೆ ಹೋದಾಗ ಮೇಷ್ಟ್ರಿಗೆ ತೋಳು ಎತ್ತಲಾಗುತ್ತಿರಲಿಲ್ಲ. ಬಲಗೈ ತೋರುಬೆರಳು ಮಾತ್ರ ಅರ್ಧ ಅಂಗುಲದಷ್ಟು ಮಡಚುತ್ತಿತ್ತು. ಮಾತು ತೊದಲಾಗಿದ್ದರೂ ಮನೆಯವರಿಗೆ ತಿಳಿಯುತ್ತಿತ್ತು. ಅವರ ಬೇಡಿಕೆ ಸಣ್ಣದು. "ಯಕ್ಷಗಾನದ ವೀಡಿಯೊ ಹಾಕ್ಕೊಡ್ತಾರೆ ಮಾರಾಯ್ರೆ. ಅದು ಮುಗಿದ ಮೇಲೆ ತಾನೇ ಇನ್ನೊಂದು ಏನೋ ಶುರುವಾಗ್ತದೆ. ಅದನ್ನ ನಿಲ್ಸೋಕೆ ಯಾರಾದ್ರೂ ಬರೋವರೆಗೆ ನೋಡ್ತಾ ಇರ್ಬೇಕು." ಬರೆಯುವ ಆಸೆಯನ್ನು ಅವರು ಹೇಳಿದ್ದು ನಾಲ್ಕನೇ ಭೇಟಿಯಲ್ಲಿ, ಅದೂ ಹೆಂಡತಿ ಒಳಗೆ ಹೋದ ಮೇಲೆ.

ಈ ಗುಂಡಿಯನ್ನು ಬಿಚ್ಚಿದರೆ ಒಳಗೆ ಎರಡು ಲೋಹದ ತುಣುಕು, ಒಂದು ಸ್ಪ್ರಿಂಗು. ಒತ್ತಿದಾಗ ತುಣುಕುಗಳು ತಾಗುತ್ತವೆ, ಬಿಟ್ಟಾಗ ಬೇರೆಯಾಗುತ್ತವೆ, ಅಷ್ಟೇ. ತಂತಿಯ ತುದಿಯಲ್ಲಿ ಹಳೆಯ ರೇಡಿಯೊ ಇಯರ್‌ಫೋನಿಗೆ ಇರುತ್ತಿತ್ತಲ್ಲ, ಅಂಥ 3.5 ಮಿ.ಮೀ. ಪಿನ್ನು. ಪ್ರಪಂಚದ ಬಹುಪಾಲು ಸ್ವಿಚ್‌ಗಳಿಗೆ ಇದೇ ಪಿನ್ನು ಇರುವುದರಿಂದ ಯಾವ ಗುಂಡಿಯನ್ನಾದರೂ ಯಾವ ಪೆಟ್ಟಿಗೆಗಾದರೂ ಚುಚ್ಚಬಹುದು. ನಡುವೆ ಬರುವ ಈ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ತಾಗಿದ್ದನ್ನು ಬ್ಲೂಟೂತ್‌ನಲ್ಲಿ ಫೋನಿಗೆ ತಿಳಿಸುತ್ತದೆ. ಹೇಗೆ ತಿಳಿಸುತ್ತದೆ ಎನ್ನುವುದರ ಮೇಲೆ ನನ್ನ ಇಡೀ ಉಪನ್ಯಾಸ ನಿಂತಿದೆ. 'ಒಬ್ಬರು ಗುಂಡಿ ಒತ್ತಿದರು' ಎಂದು ಅದು ಹೇಳುವುದಿಲ್ಲ. 'ಕೀಬೋರ್ಡಿನಲ್ಲಿ Enter ಒತ್ತಿದರು' ಎನ್ನುತ್ತದೆ. ಎರಡನೇ ಗುಂಡಿ ಇದ್ದರೆ ಅದು Space ಆಗಬಹುದು. ಫೋನಿನ ದೃಷ್ಟಿಯಲ್ಲಿ ಮೇಷ್ಟ್ರ ಮಂಚದ ಮೇಲೆ ಇರುವುದು ಒಂದೇ ಕೀಲಿಯ ಕೀಬೋರ್ಡ್. ಜೋಡಣೆ ಸುಲಭವಾಗುವುದು ಇದರಿಂದಲೇ, ಆಮೇಲಿನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೂ ಇದರಿಂದಲೇ.

ಫೋನಿನ ಮಾತಿಗೆ ಮೊದಲು ಬೆರಳಿನ ಮಾತು. ಜನ ಸಾಮಾನ್ಯವಾಗಿ ಅತಿ ಬಲವಾದ ಚಲನೆಯನ್ನು ಹುಡುಕುತ್ತಾರೆ. ಬೇಕಾದದ್ದು ಬಲವಲ್ಲ, ನಂಬಿಕೆ. ಬೇಕೆಂದಾಗ ಬರಬೇಕು, ಬೇಡವೆಂದಾಗ ಬರಬಾರದು, ಒತ್ತಿದ ಮೇಲೆ ಬಿಡಲೂ ಆಗಬೇಕು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಮೇಷ್ಟ್ರ ಮೊಣಕಾಲಿಗೆ ಬೆರಳಿಗಿಂತ ಹೆಚ್ಚು ಶಕ್ತಿಯಿತ್ತು. ಆದರೆ ಒಮ್ಮೆ ಒತ್ತಿದರೆ ಸೆಡೆತು ಬಂದು ಹಾಗೇ ನಿಂತುಬಿಡುತ್ತಿತ್ತು. ಬೆರಳು ಬಡಕಲು, ಆದರೂ ಹೇಳಿದ ಹಾಗೆ ಕೇಳುತ್ತಿತ್ತು. ಸ್ಟೀಫನ್ ಹಾಕಿಂಗ್ ಕೂಡ ಮೊದಲು ಕೈಯಲ್ಲಿ ಹಿಡಿದ ಗುಂಡಿಯನ್ನೇ ಒತ್ತುತ್ತಿದ್ದರು. ಕೈ ಸೋತ ಮೇಲೆ ಕನ್ನಡಕಕ್ಕೆ ಸಿಕ್ಕಿಸಿದ ಅತಿಗೆಂಪು ಸಂವೇದಕವೊಂದು ಅವರ ಕೆನ್ನೆಯ ಸಣ್ಣ ಅದುರನ್ನು ಗುರುತಿಸುತ್ತಿತ್ತು. ಆಗಲೂ ಕಂಪ್ಯೂಟರಿಗೆ ತಲುಪುತ್ತಿದ್ದದ್ದು ಒಂದೇ ಗುಂಡಿಯ ಸುದ್ದಿ.

ಗುಂಡಿಯನ್ನು ಕೈಯ ಹತ್ತಿರ ಸುಮ್ಮನೆ ಇಟ್ಟರೆ ಐದನೇ ಒತ್ತಿಗೆ ಅದು ಜಾರಿರುತ್ತದೆ. ನಾವು ಒಂದು ಸಣ್ಣ ಮರದ ಹಲಗೆಗೆ ಅಂಟುಪಟ್ಟಿಯಲ್ಲಿ ಕೂರಿಸಿ, ಹಲಗೆಯ ಮೇಲೆ ಮೇಷ್ಟ್ರ ಅಂಗೈಯ ಗುರುತನ್ನು ಪೆನ್ಸಿಲಿನಲ್ಲಿ ಬರೆದೆವು. ರಾತ್ರಿ ತೆಗೆದಿಟ್ಟರೆ ಬೆಳಿಗ್ಗೆ ಯಾರು ಬೇಕಾದರೂ ಅದೇ ಜಾಗದಲ್ಲಿ ಇಡಬಹುದು. ಆ ಪೆನ್ಸಿಲ್ ಗೆರೆಗೆ ಕಾಸೂ ಖರ್ಚಾಗಲಿಲ್ಲ. ಒಟ್ಟು ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಬಹುಶಃ ಅದೇ.

ಇನ್ನು ಜೋಡಣೆ. ಪೆಟ್ಟಿಗೆಯನ್ನು ಹೊತ್ತಿಸಿ, ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಅದರ ಹೆಸರನ್ನು ಮುಟ್ಟಿದರೆ ಕೀಬೋರ್ಡಿನ ಚಿತ್ರದೊಂದಿಗೆ ಸೇರಿಕೊಳ್ಳುತ್ತದೆ. ಇಲ್ಲಿ ಎಲ್ಲರೂ ನೇರವಾಗಿ ಮುಂದಿನ ಹೆಜ್ಜೆಗೆ ಓಡುತ್ತಾರೆ. ನಾನು ಓಡಬೇಡಿ ಎನ್ನುತ್ತೇನೆ. ಫೋನಿನಲ್ಲಿ ಟಿಪ್ಪಣಿ ಬರೆಯುವ ಆ್ಯಪ್ ಒಂದನ್ನು ತೆರೆದು ಕರ್ಸರ್ ಇಟ್ಟು, ಅವರಿಂದಲೇ ಹತ್ತು ಸಲ ಗುಂಡಿ ಒತ್ತಿಸಿ. ಒಂದೊಂದು Enter ಗೂ ಕರ್ಸರ್ ಒಂದೊಂದು ಸಾಲು ಕೆಳಗಿಳಿಯಬೇಕು. ಪೆಟ್ಟಿಗೆ Space ಕಳಿಸುತ್ತಿದ್ದರೆ ಖಾಲಿ ಜಾಗ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಈ ಪರೀಕ್ಷೆಗೆ Enter ಒಳ್ಳೆಯದು. ಹತ್ತು ಒತ್ತಿಗೆ ಹತ್ತು ಸಾಲು ಇಳಿದರೆ ಗುಂಡಿ, ಪೆಟ್ಟಿಗೆ, ಬ್ಲೂಟೂತ್ ಮೂರೂ ಸರಿ. ಒಂದೂ ಇಳಿಯದಿದ್ದರೆ ಪೆಟ್ಟಿಗೆಯ ದೀಪ ನೋಡಿ. ಒತ್ತಿದಾಗ ದೀಪ ಮಿನುಗಿಯೂ ಸಾಲು ಇಳಿಯುವುದಿಲ್ಲ ಎಂದರೆ ದೋಷ ಬ್ಲೂಟೂತ್ ಕಡೆ. ದೀಪವೇ ಮಿನುಗದಿದ್ದರೆ ಗುಂಡಿಯ ಕಡೆ, ಸಾಮಾನ್ಯವಾಗಿ ಪಿನ್ನು ಪೂರ್ತಿ ಒಳಗೆ ಹೋಗಿರುವುದಿಲ್ಲ.

ಮೇಷ್ಟ್ರ ಹತ್ತು ಒತ್ತಿಗೆ ಹದಿನಾಲ್ಕು ಸಾಲು ಇಳಿಯಿತು. ಇದು ಕುತೂಹಲದ ಸಂಗತಿ. ಹೀಗಾಗಲು ಎರಡು ಕಾರಣ ಇರಬಹುದು, ಎರಡಕ್ಕೂ ಮದ್ದು ಬೇರೆ. ಲೋಹದ ತುಣುಕುಗಳು ತಾಗುವಾಗ ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಹೊತ್ತು ಚೆಂಡಿನಂತೆ ಪುಟಿಯುತ್ತವೆ. ಅಗ್ಗದ ಪೆಟ್ಟಿಗೆ ಆ ಪುಟಿತವನ್ನೂ ಒತ್ತು ಎಂದು ಎಣಿಸಿಬಿಡಬಹುದು. ಇನ್ನೊಂದು ಕಾರಣ ಬೆರಳಿನದು. ಬಿಡುವಾಗ ನಡುಗಿ ಮತ್ತೆ ತಾಗುತ್ತದೆ. ಪತ್ತೆ ಸುಲಭ: ಅದೇ ಗುಂಡಿಯನ್ನು ನಾನೇ ಹತ್ತು ಸಲ ಒತ್ತಿದೆ. ಹತ್ತೇ ಸಾಲು ಬಂತು. ಅಂದರೆ ಯಂತ್ರದ ತಪ್ಪಲ್ಲ, ನಡುಕ. ಅದಕ್ಕೆ ಮದ್ದು ಫೋನಿನಲ್ಲೇ ಇದೆ. ಒಂದು ಒತ್ತಿನ ಬೆನ್ನಿಗೇ ಬರುವ ಒತ್ತುಗಳನ್ನು ಇಷ್ಟು ಹೊತ್ತು ಲೆಕ್ಕಕ್ಕೆ ಹಿಡಿಯಬೇಡ ಎಂದು ಹೇಳುವ ಆಯ್ಕೆ ಅದು. ನಾವು ಅರ್ಧ ಸೆಕೆಂಡು ಇಟ್ಟೆವು. ಹೆಚ್ಚು ಇಟ್ಟರೆ ಬೇಕೆಂದೇ ಒತ್ತಿದ ಎರಡನೇ ಒತ್ತೂ ಕಳೆದುಹೋಗುತ್ತದೆ.

ಇದೆಲ್ಲ ಆದ ಮೇಲೆ Settings ಒಳಗೆ Accessibility, ಅದರೊಳಗೆ Switch Access. ನಾನು ಆಂಡ್ರಾಯ್ಡ್ ಫೋನಿನ ಮಾತು ಹೇಳುತ್ತಿದ್ದೇನೆ. ಕೆಲವು ಫೋನುಗಳಲ್ಲಿ ಇದು ಮೊದಲೇ ಇರುತ್ತದೆ, ಇಲ್ಲದಿದ್ದರೆ ಪ್ಲೇ ಸ್ಟೋರಿನಿಂದ ಹಾಕಿಕೊಳ್ಳಬೇಕು. ಐಫೋನಿನಲ್ಲಿ 2013ರ ಐಓಎಸ್ 7ರಿಂದ Switch Control ಎಂಬ ಹೆಸರಿನಲ್ಲಿ ಇದೇ ಕೆಲಸ ನಡೆಯುತ್ತಿದೆ. ಎಷ್ಟು ಗುಂಡಿ ಎಂದು Switch Access ಕೇಳುತ್ತದೆ. ಯಾವ ಕೆಲಸಕ್ಕೆ ಯಾವ ಕೀಲಿ ಎಂದು ಕೇಳಿದಾಗ ಗುಂಡಿ ಒತ್ತಿದರೆ ತೆರೆಯ ಮೇಲೆ Enter ಎಂದು ಮೂಡುತ್ತದೆ. ಆ ಗಳಿಗೆಯಿಂದ Enter ಎಂಬುದು ಸಾಲು ಇಳಿಸುವ ಕೀಲಿಯಲ್ಲ, ಮೇಷ್ಟ್ರ ಬೆರಳು. ತೆರೆಯ ಮೇಲಿನ ಒಂದೊಂದು ಗುಂಡಿ, ಕೊಂಡಿ, ಚಿತ್ರದ ಸುತ್ತ ಬಣ್ಣದ ಚೌಕಟ್ಟು ಸರದಿಯಂತೆ ಸಾಗುತ್ತದೆ. ಬೇಕಾದದ್ದರ ಮೇಲೆ ಬಂದಾಗ ಒತ್ತಿದರೆ ಬೆರಳಿನಿಂದ ಮುಟ್ಟಿದ ಹಾಗೆ.

ಆ ಚೌಕಟ್ಟು ಎಷ್ಟು ವೇಗದಲ್ಲಿ ಸಾಗಬೇಕು? ಇಲ್ಲಿ ಮನೆಯವರೂ ವೈದ್ಯರೂ ಅಂದಾಜಿನಲ್ಲಿ ಒಂದು ಸಂಖ್ಯೆ ಇಡುತ್ತಾರೆ. ನಿಧಾನ ಇಟ್ಟರೆ ಕಾದು ಕಾದು ಬೇಸರ. ಬೇಗ ಇಟ್ಟರೆ ಒತ್ತುವಷ್ಟರಲ್ಲಿ ಚೌಕಟ್ಟು ದಾಟಿರುತ್ತದೆ, ತಪ್ಪನ್ನು ಅಳಿಸಲು ಮತ್ತೊಂದು ಸುತ್ತು. ಈ ಕ್ಷೇತ್ರದವರು ಬಳಸುವ ಒಂದು ಲೆಕ್ಕವಿದೆ: ಆ ವ್ಯಕ್ತಿ ನೋಡಿ ಒತ್ತಲು ತೆಗೆದುಕೊಳ್ಳುವ ಹೊತ್ತನ್ನು 0.65ರಿಂದ ಭಾಗಿಸಬೇಕು. ಒಂದು ಹೆಜ್ಜೆಯ ಅವಧಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೈಗೆ, ಉಳಿದದ್ದು ತಡವಾದ ದಿನಕ್ಕೆ ಮೀಸಲು. ಮೇಷ್ಟ್ರ ಮೊಮ್ಮಗಳು ನನ್ನ ಫೋನಿನಲ್ಲಿ ವೀಡಿಯೊ ಹಿಡಿದಳು. ಚೌಕಟ್ಟು ಹೊತ್ತಿದ ಚಿತ್ರಕ್ಕೂ ಬೆರಳು ಒತ್ತಿದ ಚಿತ್ರಕ್ಕೂ ನಡುವಿನ ಅಂತರ ಎಣಿಸಿದೆವು. ಬೆಳಿಗ್ಗೆ ಸರಾಸರಿ 0.8 ಸೆಕೆಂಡು, ಭಾಗಿಸಿದರೆ 1.2 ಸೆಕೆಂಡು. ಸಂಜೆ ಆಯಾಸವಾದಾಗ 1.1, ಭಾಗಿಸಿದರೆ 1.7. ಅಂದರೆ ಒಂದೇ ಮನುಷ್ಯನಿಗೆ ದಿನಕ್ಕೆ ಎರಡು ವೇಗ ಬೇಕು. ಮನೆಯವರಿಗೆ ಆ ಆಯ್ಕೆ ಎಲ್ಲಿದೆ ಎಂದು ತೋರಿಸಿ, ಎರಡೂ ಸಂಖ್ಯೆಯನ್ನು ಹಲಗೆಯ ಹಿಂದೆ ಬರೆದೆ. ಸರದಿಯ ಮೊದಲನೆಯ ಮನೆಯಲ್ಲಿ ಚೌಕಟ್ಟು ತುಸು ಹೆಚ್ಚು ನಿಲ್ಲುವಂತೆ ಮಾಡುವ ಆಯ್ಕೆಯೂ ಇದೆ. ಕಣ್ಣು ಅಲ್ಲಿಗೆ ಹೋಗುವ ಮೊದಲೇ ಅದು ಹೊರಟುಬಿಡುತ್ತಿದ್ದುದರಿಂದ ಅದಕ್ಕೆ ಒಂದು ಸೆಕೆಂಡು ಸೇರಿಸಿದೆವು.

ವೀಡಿಯೊ ನಿಲ್ಲಿಸುವುದು ಅವತ್ತೇ ಬಂತು. ಬರೆಯುವುದು ಬೇರೆಯೇ ಕಥೆ. ಅದಕ್ಕೆ ಸ್ವಲ್ಪ ಗಣಿತ ಬೇಕು, ಕ್ಷಮಿಸಿ.

ಕನ್ನಡದ ಕೀಲಿಗಳು ತೆರೆಯ ಮೇಲೆ ಹತ್ತತ್ತರ ಐದು ಸಾಲು, ಒಟ್ಟು ಐವತ್ತು ಎಂದು ಇಟ್ಟುಕೊಳ್ಳಿ. ಚೌಕಟ್ಟು ಒಂದೊಂದೇ ಕೀಲಿಯ ಮೇಲೆ ಸಾಗಿದರೆ ಒಂದು ಅಕ್ಷರಕ್ಕೆ ಸರಾಸರಿ ಇಪ್ಪತ್ತೈದೂವರೆ ಹೆಜ್ಜೆ, 1.2ರಂತೆ ಅರ್ಧ ನಿಮಿಷ. ಬದಲು, ಮೊದಲು ಇಡೀ ಸಾಲುಗಳ ಮೇಲೆ ಸಾಗಿ, ಸಾಲು ಆರಿಸಿದ ಮೇಲೆ ಅದರೊಳಗಿನ ಕೀಲಿಗಳ ಮೇಲೆ ಸಾಗಿದರೆ? ಸಾಲಿಗೆ ಸರಾಸರಿ ಮೂರು ಹೆಜ್ಜೆ, ಕೀಲಿಗೆ ಐದೂವರೆ, ಒಟ್ಟು ಎಂಟೂವರೆ. ಹತ್ತು ಸೆಕೆಂಡಿನಲ್ಲಿ ಅಕ್ಷರ. 'ಕನ್ನಡ' ಎಂಬ ಪದಕ್ಕೆ ಐದು ಕೀಲಿ ಬೇಕು: ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಹತ್ತಿರ ಹತ್ತಿರ ಐವತ್ತು ಸೆಕೆಂಡು. 'ಸ್ತ್ರೀ' ಎಂದು ಬರೆಯಲು ಕಣ್ಣಿಗೆ ಕಾಣುವುದು ಒಂದೇ ಅಕ್ಷರವಾದರೂ ಆರು ಕೀಲಿ, ಒಂದು ನಿಮಿಷ. ನಮ್ಮ ಒತ್ತಕ್ಷರಗಳ ಬೆಲೆ ನನಗೆ ಅರ್ಥವಾಗಿದ್ದು ಆ ಮಂಚದ ಪಕ್ಕ ಕೂತಾಗ.

ಹಾಗಾದರೆ ಇಂಗ್ಲಿಷ್ ಕೀಲಿಗಳಲ್ಲಿ ಕನ್ನಡ ಬರೆದರೆ ಬೇಗ ಆಗುವುದಿಲ್ಲವೆ ಎಂದು ಮೊಮ್ಮಗಳು ಕೇಳಿದಳು. ಅವಳ ಓರಗೆಯವರೆಲ್ಲ ಹಾಗೇ ಬರೆಯುವುದು. ಕಾಗದದ ಮೇಲೆ ಎಣಿಸಿದೆವು. kannada ಎಂದರೆ ಏಳು ಕೀಲಿ. k ಎರಡನೇ ಸಾಲಿನ ಎಂಟನೆಯದು, ಅಂದರೆ ಹತ್ತು ಹೆಜ್ಜೆ. a ಮೂರು ಹೆಜ್ಜೆ. n ಮೂರನೇ ಸಾಲಿನಲ್ಲಿ ದೂರ, ಒಂಬತ್ತು. d ಐದು. ಎಲ್ಲ ಕೂಡಿದರೆ 42 ಹೆಜ್ಜೆ. ಕನ್ನಡ ಕೀಲಿಗಳಲ್ಲಿ ನಮ್ಮ ಸರಾಸರಿ ಲೆಕ್ಕ ಐದಕ್ಕೆ 42ರಿಂದ 43. ಅಂದರೆ ಏನೂ ಲಾಭವಿಲ್ಲ. ಕನ್ನಡದಲ್ಲಿ ಕೀಲಿ ಹೆಚ್ಚು ಹರಡಿವೆ, ಪದಕ್ಕೆ ಬೇಕಾದದ್ದು ಕಡಿಮೆ. ಇಂಗ್ಲಿಷಿನಲ್ಲಿ ಅದರ ತಿರುಗುಮುರುಗು. "ಅಷ್ಟಾದ ಮೇಲೆ ಕನ್ನಡದಲ್ಲೇ ಬರೀತೇನೆ ಬಿಡು" ಎಂದರು ಮೇಷ್ಟ್ರು, ಚರ್ಚೆ ಮುಗಿಯಿತು. ನಿಜವಾದ ಉಳಿತಾಯ ಇರುವುದು ಕೀಬೋರ್ಡಿನ ಮೇಲ್ಪಟ್ಟಿಯಲ್ಲಿ ಬರುವ ಪದಸೂಚನೆಗಳಲ್ಲಿ. ಜೊತೆಗೆ ಫೋನಿನ ವೈಯಕ್ತಿಕ ನಿಘಂಟಿನಲ್ಲಿ 'ನೀ' ಎಂದರೆ 'ನೀರು ಬೇಕು', 'ಮಗ' ಎಂದರೆ 'ಮಗ್ಗುಲು ಬದಲಿಸಿ' ಎಂದು ಇಪ್ಪತ್ತು ವಾಕ್ಯ ತುಂಬಿಟ್ಟೆವು.

ಎರಡು ಗುಂಡಿ ಇದ್ದರೆ ಒಳ್ಳೆಯದಲ್ಲವೆ ಎಂದು ಹಲವರು ಕೇಳುತ್ತಾರೆ. ಒಂದರಿಂದ ಮುಂದೆ ಸರಿಯುವುದು, ಇನ್ನೊಂದರಿಂದ ಆರಿಸುವುದು. ಕಾಲದ ಒತ್ತಡವೇ ಇಲ್ಲ, ನಿಮ್ಮಿಷ್ಟದ ವೇಗ. ಆದರೆ ಚೌಕಟ್ಟಿನ ಪ್ರತಿ ಹೆಜ್ಜೆಯೂ ಈಗ ನಿಮ್ಮ ಒತ್ತು. 'ಕನ್ನಡ' ಬರೆಯಲು ಸುಮಾರು ಐವತ್ತು ಸಲ ಒತ್ತಬೇಕು. ಚೌಕಟ್ಟು ತಾನೇ ಸಾಗುವಾಗ ಅಕ್ಷರಕ್ಕೆ ಎರಡೇ ಒತ್ತು, ಪದಕ್ಕೆ ಹತ್ತು. ಅದೂ ಒಂದು ಅಕ್ಷರವಾದ ಮೇಲೆ ಹುಡುಕಾಟ ತಾನೇ ಮತ್ತೆ ಶುರುವಾಗುವಂತೆ ಇಟ್ಟಿದ್ದರೆ. ಇಲ್ಲವಾದರೆ ಅಕ್ಷರಕ್ಕೆ ಮೂರು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಕೆಲವರಿಗೆ ಸರಿಯಾದ ಗಳಿಗೆಗೆ ಒತ್ತುವುದೇ ಕಷ್ಟ, ಎಷ್ಟು ಸಲ ಒತ್ತುವುದಕ್ಕೂ ದಣಿವಿಲ್ಲ. ಅಂಥವರಿಗೆ ಎರಡು ಗುಂಡಿ ವಾಸಿ. ಮೇಷ್ಟ್ರ ಸ್ನಾಯುವಿಗೆ ಪ್ರತಿ ಒತ್ತೂ ಖರ್ಚು, ಹಾಗಾಗಿ ಒಂದೇ ಗುಂಡಿ.

ಈಗ ಕೀಬೋರ್ಡ್ ಎಂಬ ಭ್ರಮೆಯ ಫಲಗಳು. ನಾನು ಮನೆಗೆ ಬಂದ ಎರಡನೇ ದಿನ ಫೋನು ಬಂತು: "ಬರೆಯೋಕೆ ಹೋದ್ರೆ ಅಕ್ಷರಗಳೇ ಬರ್ತಾ ಇಲ್ಲ." ಫೋನಿನ ಯೋಚನೆ ನೋಡಿ: ಇವರ ಬಳಿ ನಿಜವಾದ ಕೀಬೋರ್ಡೇ ಇದೆ, ತೆರೆಯ ಮೇಲೆ ಇನ್ನೊಂದು ಯಾಕೆ? ಅದಕ್ಕೇ ತೆರೆಯ ಕೀಬೋರ್ಡನ್ನು ಬಚ್ಚಿಟ್ಟಿದೆ. ಒಂದೇ ಕೀಲಿಯಿಂದ ಮೇಷ್ಟ್ರು ಏನು ಬರೆದಾರು! ಸೆಟ್ಟಿಂಗ್ಸಿನಲ್ಲಿ Physical keyboard ಎಂಬಲ್ಲಿ, ಹೊರಗಿನ ಕೀಬೋರ್ಡ್ ಇದ್ದರೂ ತೆರೆಯದ್ದನ್ನು ತೋರಿಸು ಎಂಬ ಗುಂಡಿಯಿದೆ, ಅದನ್ನು ಹೊತ್ತಿಸಬೇಕು. ನನ್ನೆದುರು ಸರಿಯಿದ್ದದ್ದು ಆಮೇಲೆ ಯಾಕೆ ಕೆಟ್ಟಿತು ಎಂದರೆ, ಆ ಮನೆಗೆ ಬಂದ ನೆಂಟರ ಹುಡುಗನೊಬ್ಬ ಏನೇನೋ ಒತ್ತಿ 'ಸರಿಮಾಡಿ' ಹೋಗಿದ್ದ.

ಇನ್ನೊಂದು ದೂರು: ಮೊದಲನೇ ಒತ್ತು ಯಾವಾಗಲೂ ಸುಳ್ಳಾಗುತ್ತದೆ. ಬ್ಯಾಟರಿ ಉಳಿಸಲು ಪೆಟ್ಟಿಗೆ ನಿದ್ದೆ ಹೋಗಿರುತ್ತದೆ. ಮೊದಲ ಒತ್ತು ಅದನ್ನು ಎಬ್ಬಿಸುವುದಕ್ಕೇ ಖರ್ಚು, ಮತ್ತೆ ಫೋನನ್ನು ಕೂಡಿಕೊಳ್ಳಲು ಒಂದೆರಡು ಸೆಕೆಂಡು. ದೋಷವಲ್ಲ, ಅಭ್ಯಾಸ ಮಾಡಿಕೊಳ್ಳಬೇಕಾದ ಗುಣ. ಆದರೆ ಇದೇ ಕಾರಣಕ್ಕೆ ಜನರನ್ನು ಕರೆಯಲು ಈ ಗುಂಡಿಯನ್ನೇ ನೆಚ್ಚಬೇಡಿ ಎಂದು ನಾನು ಹಟ ಹಿಡಿದೆ. ಉಸಿರು ಕಟ್ಟಿದವರಿಗೆ ಎರಡು ಸೆಕೆಂಡೂ ಹೆಚ್ಚು. ಕರೆಗಂಟೆ ಬೇರೆಯೇ ಇರಲಿ, ತಂತಿಯದ್ದಾಗಿರಲಿ, ಫೋನಿಗೂ ಅದಕ್ಕೂ ಸಂಬಂಧವೇ ಬೇಡ.

ಮೂರನೆಯದು ನನ್ನದೇ ತಪ್ಪು. ಒಂದು ರಾತ್ರಿ ಫೋನು ತಾನಾಗಿ ಹೊಸ ತಂತ್ರಾಂಶ ಹಾಕಿಕೊಂಡು ಆರಿ ಹೊತ್ತಿತು. ಬೆಳಿಗ್ಗೆ ಪಿನ್ ಕೇಳುತ್ತಾ ನಿಂತಿದೆ, ಆ ತೆರೆಯಲ್ಲಿ ಗುಂಡಿ ಕೆಲಸ ಮಾಡಲಿಲ್ಲ. ಮನೆಯಾಕೆ ತೋಟದಲ್ಲಿದ್ದರು. ಹನ್ನೊಂದು ಗಂಟೆಯವರೆಗೆ ಮೇಷ್ಟ್ರು ಕಪ್ಪು ತೆರೆ ನೋಡುತ್ತಾ ಮಲಗಿದ್ದರು. ಜೋಡಿಸಿದ ದಿನವೇ ಫೋನನ್ನು ಒಮ್ಮೆ ಪೂರ್ತಿ ಆರಿಸಿ ಹೊತ್ತಿಸಿ ನೋಡಿದ್ದರೆ ನನಗೆ ಅವತ್ತೇ ತಿಳಿಯುತ್ತಿತ್ತು. ಕೊನೆಗೆ ಬೀಗವನ್ನೇ ತೆಗೆದು, ಬ್ಯಾಂಕಿನ ಆ್ಯಪನ್ನು ಅವರ ಹೆಂಡತಿಯ ಫೋನಿಗೆ ಸಾಗಿಸಿದೆವು. ಎಲ್ಲ ಮನೆಗಳಿಗೂ ಇದು ಸರಿಹೋಗುವ ಪರಿಹಾರವಲ್ಲ, ಅವರಿಗೆ ಹೋಯಿತು.

ಇಲ್ಲಿ ಬ್ರೈಲ್ ಸಾಧನದ ಬಗ್ಗೆ ಒಂದು ಮಾತು. ಅದನ್ನು ಕೇಳಲೆಂದೇ ಬಂದ ಗೆಳೆಯರು ಎದುರಿಗಿದ್ದಾರೆ. ಸಾಲಾಗಿ ಇಪ್ಪತ್ತೋ ನಲವತ್ತೋ ಮನೆ, ಒಂದೊಂದರಲ್ಲಿ ಎದ್ದು ತಗ್ಗುವ ಚುಕ್ಕಿಗಳು, ಬೆರಳಾಡಿಸಿದರೆ ಫೋನಿನ ತೆರೆಯಲ್ಲಿರುವುದು ಓದಲು ಸಿಗುತ್ತದೆ. ಇದರಲ್ಲಿ ತಪ್ಪುವುದು ಗುಂಡಿಯ ತದ್ವಿರುದ್ಧ ದಾರಿಯಲ್ಲಿ. ಗುಂಡಿಯನ್ನು ಕೀಬೋರ್ಡ್ ಎಂದು ಫೋನು ತಿಳಿದರೆ ಕೆಲಸ ಆಗುತ್ತದೆ. ಬ್ರೈಲ್ ಸಾಧನವನ್ನು ಬರೀ ಇನ್ನೊಂದು ಬ್ಲೂಟೂತ್ ವಸ್ತು ಎಂದು ತಿಳಿದರೆ, ಕೂಡಿದೆ ಎಂದು ಪಟ್ಟಿಯಲ್ಲಿ ಕಾಣುತ್ತದೆ, ಚುಕ್ಕಿ ಮಾತ್ರ ಏಳುವುದಿಲ್ಲ. ತೆರೆ ಓದುವ ತಂತ್ರಾಂಶವೇ ಅದನ್ನು ಕೈಹಿಡಿಯಬೇಕು. ಆದ್ದರಿಂದ ಐಫೋನಿನಲ್ಲಿ ಬ್ಲೂಟೂತ್ ಪಟ್ಟಿಗೆ ಹೋಗದೆ VoiceOver ಒಳಗಿನ Braille ಎಂಬಲ್ಲಿ ಸಾಧನವನ್ನು ಆರಿಸಬೇಕು. ಆಂಡ್ರಾಯ್ಡಿನಲ್ಲಿ 2022ರಲ್ಲಿ ಬಂದ TalkBack 13ರಿಂದ ಅದರ ಸೆಟ್ಟಿಂಗ್ಸಿನಲ್ಲೇ ಬ್ರೈಲ್ ಸಾಧನದ ಜಾಗವಿದೆ. ಮೊದಲು ಅದಕ್ಕೆ ಬೇರೆ ಆ್ಯಪ್ ಬೇಕಿತ್ತು.

ಚುಕ್ಕಿ ಎದ್ದ ಮೇಲೆ ಭಾಷೆ. ಭಾರತಿ ಬ್ರೈಲ್‌ನಲ್ಲಿ 'ಕನ್ನಡ' ಐದು ಮನೆ: ಕ, ನಾಲ್ಕನೇ ಚುಕ್ಕಿಯೊಂದೇ ಇರುವ ಮನೆ, ನ, ನ, ಡ. ಆ ಒಂಟಿ ಚುಕ್ಕಿ ಅರ್ಧಾಕ್ಷರದ ಗುರುತು. ಫೋನಿನೊಳಗೆ ಅದು ಮೊದಲನೇ 'ನ'ದ ನಂತರ ಬರುತ್ತದೆ, ಬ್ರೈಲ್‌ನಲ್ಲಿ ಅದರ ಮುಂಚೆ. ಈ ಅದಲುಬದಲು ಮಾಡುವುದು ಭಾಷೆಯ ಕೋಷ್ಟಕ. ಕೋಷ್ಟಕ ಇಂಗ್ಲಿಷಿನದೇ ಉಳಿದಿದ್ದರೆ, ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶವನ್ನು ನೆಚ್ಚಿದ ಕಡೆಗಳಲ್ಲಿ ಬೆರಳಿನ ಕೆಳಗೆ 'ಕ' ಬದಲು `\x0c95` ಥರದ್ದೇನೋ ಹರಿಯುತ್ತದೆ. ಅದು 'ಕ'ದ ಯುನಿಕೋಡ್ ಸಂಖ್ಯೆ. ಅಂಥದ್ದು ಕಂಡರೆ ಸಾಧನ ಕೆಟ್ಟಿಲ್ಲ, ಬ್ರೈಲ್ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿಲ್ಲ, ಅಷ್ಟೆ.

ಮೇಷ್ಟ್ರ ಬಳಿಗೆ ಮರಳುತ್ತೇನೆ. ಹದಿನಾಲ್ಕು ತಿಂಗಳ ನಂತರ ಬೆರಳು ಸೋತಿತು. ಅದು ಸೋಲುತ್ತಿದೆ ಎಂದು ಅವರಿಗಿಂತ ಮೊದಲು ಟಿಪ್ಪಣಿಯ ಸಾಲುಗಳು ಹೇಳಿದವು. ತಿಂಗಳಿಗೊಮ್ಮೆ Switch Access ನಿಲ್ಲಿಸಿ ಹತ್ತು ಒತ್ತಿನ ಪರೀಕ್ಷೆ ಮಾಡುವ ರೂಢಿ ಇಟ್ಟಿದ್ದೆವು. ಹತ್ತಕ್ಕೆ ಒಂಬತ್ತು ಬಂತು, ಮುಂದಿನ ತಿಂಗಳು ಆರು. ಆಗ ಇದಕ್ಕಿಂತ ಹಗುರವಾಗಿ ತಾಗಿದರೆ ಸಾಕಾಗುವ ಗುಂಡಿಯೊಂದನ್ನು ಬಾಗುವ ಕಂಬಿಗೆ ಸಿಕ್ಕಿಸಿ ಎಡಗೆನ್ನೆಯ ಪಕ್ಕಕ್ಕೆ ತಂದೆವು. ಪೆಟ್ಟಿಗೆ ಅದೇ, ಜೋಡಣೆ ಅದೇ, ಆ ಇಪ್ಪತ್ತು ವಾಕ್ಯಗಳೂ ಅವೇ. ಫೋನಿಗೆ ಏನೂ ಗೊತ್ತಾಗಲಿಲ್ಲ, ಅದರ ಪಾಲಿಗೆ ಯಾರೋ ಇನ್ನೂ Enter ಒತ್ತುತ್ತಿದ್ದಾರೆ. ಮತ್ತೆ ಅಳೆಯಬೇಕಾದದ್ದು ವೇಗ ಒಂದನ್ನೇ: ತಲೆ ತಿರುಗಿಸಿ ತಾಗಿಸಲು 1.3 ಸೆಕೆಂಡು, ಹಾಗಾಗಿ ಹೆಜ್ಜೆಗೆ ಎರಡು. ಮುಂಗ್ಯಾಮೆರಾದ ಎದುರು ಹುಬ್ಬೇರಿಸಿದರೆ, ಮುಗುಳ್ನಕ್ಕರೆ ಅದನ್ನೇ ಒತ್ತು ಎಂದು ಹಿಡಿಯುವ ಸೌಲಭ್ಯವೂ ಆಂಡ್ರಾಯ್ಡಿನಲ್ಲಿದೆ. ಅದನ್ನೂ ತೋರಿಸಿದೆ. ಮಲೆನಾಡಿನ ಮಳೆಗಾಲದ ಮಬ್ಬುಬೆಳಕಿನ ಕೋಣೆಯಲ್ಲಿ ಅದು ಅರ್ಧಕ್ಕರ್ಧ ತಪ್ಪಿತು. ಮೇಷ್ಟ್ರಿಗೆ ಬೇರೆ ತಕರಾರಿತ್ತು. ಆಗ ಮಾತು ನಿಂತಿತ್ತು, ಬರೆದೇ ಹೇಳಿದರು. ಹದಿನಾಲ್ಕು ನಿಮಿಷ ಹಿಡಿಯಿತು: 'ಯಕ್ಷಗಾನ ನೋಡುವಾಗ ನಗು ಬಂದರೆ ಏನು ಮಾಡಲಿ?'

ಕೆನ್ನೆಯ ಗುಂಡಿಯನ್ನೇ ಉಳಿಸಿದೆವು. ಬೆರಳಿನದ್ದು ಬಿಡುವಾಯಿತು, ಅದೇ ಈಗ ನಿಮ್ಮ ಕೈಯಿಂದ ಕೈಗೆ ಹೋಗುತ್ತಿರುವುದು.